ಪ್ರಯೋಗಕ್ಕೊಂದು ಸಾಲೋ, ಗುಂಪಿಗೊಂದು ಸಾಲೋ?

ರಕ್ತದೊತ್ತಡದ ಔಷಧಿಗಳ ಹಲವು ಪ್ರಯೋಗಗಳನ್ನು ವ್ಯವಸ್ಥಿತ ವಿಮರ್ಶೆಗಾಗಿ ಒಂದೇ ಸ್ಪ್ರೆಡ್‌ಶೀಟ್‌ಗೆ ಇಳಿಸುವವರು ಮೊದಲು ನಿರ್ಧರಿಸಬೇಕಾದದ್ದು ಒಂದು ಸಾಲು ಏನನ್ನು ಸೂಚಿಸುತ್ತದೆ ಎಂಬುದನ್ನು.

ಪ್ರಯೋಗಕ್ಕೊಂದು ಸಾಲು ಇಟ್ಟರೆ ಔಷಧಿ ಮತ್ತು ಪ್ಲಾಸಿಬೊ ಅಕ್ಕಪಕ್ಕ ಕಾಣುತ್ತವೆ, ಓದಲು ಸುಲಭ. ಎಲ್ಲ ಪ್ರಯೋಗಗಳಲ್ಲೂ ಎರಡೇ ಗುಂಪು, ಒಂದೇ ಅಳತೆಯ ದಿನ ಇದ್ದರೆ ಇದೇ ಸಾಕು. ಆದರೆ ಪ್ಲಾಸಿಬೊ, 5 ಮಿ.ಗ್ರಾಂ., 10 ಮಿ.ಗ್ರಾಂ. ಎಂಬ ಮೂರು ಗುಂಪುಗಳ ಪ್ರಯೋಗವೊಂದು ಬಂದೊಡನೆ ಹೆಚ್ಚುವರಿ ಕಾಲಂಗಳು ಬೇಕಾಗುತ್ತವೆ. ಅದನ್ನು ತಪ್ಪಿಸಲು ಎರಡು ಸಾಲು ಮಾಡಿದರೆ ಪ್ಲಾಸಿಬೊ ರೋಗಿಗಳು ಎರಡು ಸಲ ಲೆಕ್ಕಕ್ಕೆ ಸೇರುತ್ತಾರೆ.

ಗುಂಪು, ಫಲಿತಾಂಶ ಮತ್ತು ವಾರಕ್ಕೊಂದರಂತೆ ಸಾಲು ಇಟ್ಟಾಗ ಪ್ಲಾಸಿಬೊ ಒಮ್ಮೆ ಮಾತ್ರ ದಾಖಲಾಗುತ್ತದೆ. ಇದರ ನಿಜವಾದ ಲಾಭ ಬೇರೆಯೇ ಇದೆ: ‘ಮುದ್ರಿತ ಸಂಖ್ಯೆ’, ‘ಅದರ ಬಗೆ’, ‘ಲೆಕ್ಕ ಹಾಕಿದ ಮಾನಕ ವಿಚಲನೆ’ ಎಂಬ ಮೂರು ಕಾಲಂಗಳಿಗೆ ಇಲ್ಲಿ ಜಾಗ ಸಿಗುತ್ತದೆ. 64 ಜನರ ಗುಂಪಿನಲ್ಲಿ ಒತ್ತಡದ ಇಳಿಕೆ ‘9.1 ± 1.2’ ಎಂದು ಮುದ್ರಿತವಾಗಿದೆ ಎಂದಿಟ್ಟುಕೊಳ್ಳೋಣ. ರಕ್ತದೊತ್ತಡ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾಗುವುದರಿಂದ 1.2 ಮಾನಕ ವಿಚಲನೆಯಾಗಿರುವುದು ಅಸಂಭವ. ಅದು ಮಾನಕ ದೋಷವೆಂದು ಕೋಷ್ಟಕದ ಅಡಿಟಿಪ್ಪಣಿಯಲ್ಲಿ ಖಚಿತವಾದರೆ, 64ರ ವರ್ಗಮೂಲವಾದ 8ರಿಂದ ಗುಣಿಸಿ 9.6 ಎಂದು ಬರೆಯಬೇಕು. 1.2 ಅನ್ನೇ ವಿಚಲನೆಯ ಕಾಲಂಗೆ ತುಂಬಿದರೆ ವಿಚಲನೆಯ ವರ್ಗವಾದ ಪ್ರಸರಣ 64 ಪಟ್ಟು ಕುಗ್ಗಿ, ಆ ಪ್ರಯೋಗಕ್ಕೆ ಅರ್ಹತೆಗೆ ಮೀರಿದ ತೂಕ ದೊರೆಯುತ್ತದೆ.

ಈ ವಿನ್ಯಾಸದ ತೊಡಕೆಂದರೆ, ವಿಶ್ಲೇಷಣೆಗೆ ಮುನ್ನ ಜೋಡಿಗಳನ್ನು ಮತ್ತೆ ಅಕ್ಕಪಕ್ಕ ತರಬೇಕು. ಮೂರು ಗುಂಪಿನ ಪ್ರಯೋಗ ಒಂದೇ ಇದ್ದರೂ ನಾನು ಇದನ್ನೇ ಆರಿಸುತ್ತೇನೆ.