ಹುಬ್ಬಿನ ಹೊಟ್ಟಿಗೆ ಕೀಟೋಕೊನಜೋಲ್ ಶಾಂಪೂ: ಎರಡು ವರ್ಷ ಬಳಸಿದ ಮೇಲೆ

ಬೆಳಗ್ಗೆ ಒರೆಸಿದ ಕನ್ನಡಕದ ಒಳಬದಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹಳದಿ ಪುಡಿ ಕೂತಿರುತ್ತಿತ್ತು. ಅದು ಉದುರುತ್ತಿರುವುದು ಹುಬ್ಬಿನಿಂದ ಎಂದು ತಿಳಿಯಲು ನನಗೆ ತಿಂಗಳುಗಳೇ ಬೇಕಾದವು. ಮೂಗಿನ ಎರಡೂ ಪಕ್ಕ ಕೆಂಪಗಾಗಿ, ಮೇಣದಂಥ ಸಿಪ್ಪೆ ಏಳುತ್ತಿತ್ತು. ಚರ್ಮ ಒಣಗಿದೆಯೆಂದು ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿಸಿದರು. ನಾಲ್ಕೇ ದಿನಕ್ಕೆ ಕೆಂಪು ಇನ್ನಷ್ಟು ಹರಡಿತು. ಅದು ಒಣ ಚರ್ಮವೇ ಅಲ್ಲ. ಸಿಪ್ಪೆಯನ್ನು ತೆಳು ಕಾಗದದ ನಡುವೆ ಒತ್ತಿದರೆ ಜಿಡ್ಡಿನ ಕಲೆ ಬೀಳುತ್ತಿತ್ತು.

ಚರ್ಮವೈದ್ಯರು ಇದನ್ನು ಸೆಬೊರಿಕ್ ಡರ್ಮಟೈಟಿಸ್ ಎಂದರು. ಎಲ್ಲರ ಚರ್ಮದ ಮೇಲೂ ಇರುವ ಮಲಸೇಜಿಯ ಎಂಬ ಯೀಸ್ಟ್ ಜಿಡ್ಡನ್ನು ತಿಂದು ಬದುಕುತ್ತದೆಯಂತೆ, ಕೆಲವರ ಚರ್ಮ ಮಾತ್ರ ಅದಕ್ಕೆ ಕೆರಳುತ್ತದೆಯಂತೆ. ಅವರು ಬರೆದುಕೊಟ್ಟದ್ದು ತಲೆಹೊಟ್ಟಿಗೆ ಕೊಡುವ, ಆ ಯೀಸ್ಟನ್ನು ತಗ್ಗಿಸುವ ಶೇ. 2ರ ಕೀಟೋಕೊನಜೋಲ್ ಶಾಂಪೂ. ಮುಖಕ್ಕೆ ಶಾಂಪೂವೇ ಎಂದು ನಕ್ಕಿದ್ದೆ.

ವಾರಕ್ಕೆರಡು ದಿನ, ಬುಧವಾರ ಮತ್ತು ಭಾನುವಾರ, ಕಡಲೆಕಾಳಿನಷ್ಟು ಶಾಂಪೂವನ್ನು ಒದ್ದೆ ಅಂಗೈಯಲ್ಲಿ ನೊರೆ ಮಾಡುತ್ತೇನೆ. ಉಂಗುರಬೆರಳಿನಿಂದ ಹುಬ್ಬಿನ ಕೂದಲಿಗೆ ಎದುರಾಗಿ ತಿಕ್ಕುತ್ತೇನೆ, ಏಕೆಂದರೆ ಸಿಪ್ಪೆ ಅಂಟಿರುವುದು ಕೂದಲ ಬುಡದಲ್ಲಿ. ಆಮೇಲೆ ಮೂಗಿನ ಮಡಿಕೆ. ತೊಳೆಯುವ ಮೊದಲು ಮೂರರಿಂದ ಐದು ನಿಮಿಷ ಬಿಡಬೇಕು. ಹಚ್ಚಿದ ಕೂಡಲೇ ತೊಳೆದರೆ ಔಷಧಿಗೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಹಲ್ಲುಜ್ಜುತ್ತೇನೆ. ಹುಬ್ಬಿನಲ್ಲೂ ಬಾಯಲ್ಲೂ ನೊರೆ ತುಂಬಿಕೊಂಡು ಕನ್ನಡಿ ಮುಂದೆ ನಿಲ್ಲುವುದು ನನಗೆ ಈಗ ಪ್ರಿಯವಾದ ಕೆಲಸ. ಮೂರನೆಯ ವಾರಕ್ಕೆ ಕನ್ನಡಕ ಸಂಜೆಯವರೆಗೂ ಸ್ವಚ್ಛವಾಗಿ ಉಳಿಯಿತು. ಅಲ್ಲಿಂದ ವಾರಕ್ಕೊಂದೇ ಸಲ ಸಾಕಾಯಿತು. ಮುಖಕ್ಕಷ್ಟೇ ಬಳಸಿದರೆ ಬಾಟಲಿ ತಿಂಗಳುಗಟ್ಟಲೆ ಬರುತ್ತದೆ, ನನ್ನ ಜೇಬಿಗೆ ಭಾರವೇ ಇಲ್ಲ.

ಬೇಸರ ಬಂದದ್ದು ಡಿಸೆಂಬರಿನಲ್ಲಿ. ಗುಣವಾಯಿತೆಂದು ನಂಬಿ, ಊರಿಗೆ ಹೋದಾಗ ಬಾಟಲಿ ಬಿಟ್ಟು ಹೋದೆ. ಚಳಿಯೂ ಇತ್ತು, ಮದುವೆಮನೆಯ ನಿದ್ದೆಗೇಡೂ ಇತ್ತು; ಮೂರು ವಾರದಲ್ಲಿ ಎಲ್ಲವೂ ಮರಳಿತು. ಅವಸರಕ್ಕೆ ಔಷಧಿ ಅಂಗಡಿಯವನು ಕೊಟ್ಟ ಮಿಶ್ರಣದ ಕ್ರೀಮು ಹಚ್ಚಿದೆ. ಎರಡೇ ದಿನಕ್ಕೆ ಮುಖ ನುಣುಪಾಯಿತು, ನಿಲ್ಲಿಸಿದ ವಾರದಲ್ಲಿ ಮೊದಲಿಗಿಂತ ಕೆಂಪಾಯಿತು. ಟ್ಯೂಬಿನ ಮೇಲೆ ಬೀಟಾಮೆಥಾಸೋನ್ ಎಂದಿತ್ತು. ಅಂಥ ಬಲವಾದ ಸ್ಟೆರಾಯ್ಡನ್ನು ಮುಖಕ್ಕೆ ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ ಎಂದು ವೈದ್ಯರು ಗದರಿದರು. ಈ ಕಾಯಿಲೆ ಹೋಗುವುದಿಲ್ಲ, ಹತೋಟಿಯಲ್ಲಿ ಇಡಬಹುದಷ್ಟೇ ಎಂದು ಅವರು ಮೊದಲೇ ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಮತ್ತೆ ವಾರಕ್ಕೆರಡು ಸಲದಿಂದ ಶುರು ಮಾಡಿದೆ.

ಐದರಲ್ಲಿ ನಾಲ್ಕು ನಕ್ಷತ್ರ. ಕಣ್ಣಿಗೆ ಹನಿ ಬಿದ್ದರೆ ಉರಿ ಸಾಕುಬೇಕು ಮಾಡುತ್ತದೆ. ತೊಳೆದ ಮೇಲೆ ಚರ್ಮ ಬಿಗಿಯುತ್ತದೆ, ಸುವಾಸನೆಯಿಲ್ಲದ ತೆಳು ಮಾಯಿಶ್ಚರೈಸರ್ ಬೇಕೇ ಬೇಕು. ಊರಿಗೆ ಒಯ್ಯುವ ಚೀಲದಲ್ಲಿ ಈಗ ಒಂದು ಚಿಕ್ಕ ಶೀಶೆ ಕಾಯಂ ಇರುತ್ತದೆ.