ಗಾಸ್ ಮೀಟರ್ ಕೊಳ್ಳುವ ಮೊದಲು ಪ್ರೋಬ್ ತಿರುಗಿಸಿ ನೋಡಿ

ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ಮೆಷಿನ್ ಶಾಪ್. ಸ್ಟೀಲ್ ಶಾಫ್ಟ್‌ನಲ್ಲಿ ಉಳಿದಿರುವ ಮ್ಯಾಗ್ನೆಟಿಸಂ 3 ಗಾಸ್ ದಾಟಬಾರದು ಎಂದು ಗ್ರಾಹಕರ ಕಟ್ಟುನಿಟ್ಟು. ಅದಕ್ಕೆಂದೇ ಕೈಯಲ್ಲಿ ಹಿಡಿಯುವ ಗಾಸ್ ಮೀಟರ್ ತರಿಸಿದ್ದೆವು.

ಬೆಳಿಗ್ಗೆ ಎಲ್ಲ ಸರಿ ಇರುತ್ತಿತ್ತು. ಮಧ್ಯಾಹ್ನ ಶೆಡ್ ಕಾದ ಮೇಲೆ ಯಾವ ಶಾಫ್ಟ್ ಹಿಡಿದರೂ 5 ಗಾಸ್. ಮ್ಯಾಗ್ನೆಟಿಸಂ ತೆಗೆಯುವ ಡಿಮ್ಯಾಗ್ ಕಾಯಿಲ್‌ನಲ್ಲಿ ಮತ್ತೆ ಮತ್ತೆ ಹಾಯಿಸಿದರೂ ಅಷ್ಟೇ. ಒಳ್ಳೆ ಮಾಲೇ ರಿಜೆಕ್ಟ್ ರ‍್ಯಾಕ್ ಸೇರುತ್ತಿತ್ತು. ಮಾರಿದವರನ್ನು ಕೇಳಿದರೆ, "ಅದು ಭೂಮಿದು ಸರ್, ಎಲ್ಲ ಮೀಟರ್‌ನಲ್ಲೂ ಬರತ್ತೆ" ಎಂದರು. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಇರುವುದೇ ಸುಮಾರು 0.4 ಗಾಸ್!

ಪ್ರೋಬ್ ತುದಿಯಲ್ಲಿ ಸೆಮಿಕಂಡಕ್ಟರ್‌ನ ತೆಳು ಚೂರೊಂದಿದೆ. ಅದರಲ್ಲಿ ಉದ್ದಕ್ಕೆ ಕರೆಂಟ್ ಹರಿಯುತ್ತದೆ. ಕಾಂತಕ್ಷೇತ್ರ ಅದರ ಮುಖಕ್ಕೆ ನೇರವಾಗಿ ಹಾಯ್ದರೆ ಚಾರ್ಜ್‌ಗಳು ಒಂದು ಪಕ್ಕಕ್ಕೆ ಸರಿಯುತ್ತವೆ, ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಇದೇ ಹಾಲ್ ವೋಲ್ಟೇಜ್. ಅದನ್ನು ಅಳೆಯುವ ಎರಡು ತುದಿಗಳು ಎದುರುಬದುರಾಗಿ ಕರಾರುವಾಕ್ಕಾಗಿ ಕೂತಿರಬೇಕು. ಒಂದು ಕೂದಲೆಳೆ ಹಿಂದೆಮುಂದೆ ಆದರೂ ಉದ್ದದ ವೋಲ್ಟೇಜಿನ ಒಂದು ಪಾಲು ಇದರೊಳಗೆ ಸೇರಿಕೊಳ್ಳುತ್ತದೆ.

ಎಷ್ಟು ಸೇರುತ್ತೆ ಅಂತ ಲೆಕ್ಕ ಹಾಕೋಣ. ಆ ಚೂರು ಇಂಡಿಯಂ ಆಂಟಿಮೊನೈಡ್ ಎಂಬ ಸೆಮಿಕಂಡಕ್ಟರ್‌ನ ಎಲಿಮೆಂಟ್ ಆಗಿದ್ದು, ಅದಕ್ಕೆ 1 ವೋಲ್ಟ್ ಕೊಟ್ಟರೆ 500 ಗಾಸ್‌ನಲ್ಲಿ ಸುಮಾರು 200 ಮಿಲಿವೋಲ್ಟ್ ಸಿಗುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಗಾಸ್‌ಗೆ 0.4 ಮಿಲಿವೋಲ್ಟ್. ತುದಿಗಳು ಉದ್ದದ ಸಾವಿರದಲ್ಲಿ ಒಂದು ಪಾಲು ಸರಿದಿದ್ದರೂ 1 ಮಿಲಿವೋಲ್ಟ್ ಸುಮ್ನೆ ಬರುತ್ತದೆ. ಮೀಟರ್‌ಗೆ ಅದು 2.5 ಗಾಸ್! ಝೀರೋ ಬಟನ್ ಒತ್ತಿದರೆ ಆ ಕ್ಷಣಕ್ಕೆ ಮಾಯ. ಬಿಸಿ ಏರಿದಂತೆ ಈ ಸುಳ್ಳು ರೀಡಿಂಗ್, ಅಂದರೆ ಆಫ್‌ಸೆಟ್, ಬದಲಾಗಿ ಮತ್ತೆ ತಲೆ ಎತ್ತುತ್ತದೆ.

ಹಿಡಿಯುವ ದಾರಿ ಸುಲಭ. ಅದೇ ಜಾಗದಲ್ಲಿ ಪ್ರೋಬನ್ನು ಮಗುಚಿ ಇನ್ನೊಂದು ಮುಖ ಹಿಡಿಯಿರಿ. ನಿಜವಾದ ಕ್ಷೇತ್ರವಾದರೆ ಚಿಹ್ನೆ ತಿರುಗುತ್ತದೆ, ಆಫ್‌ಸೆಟ್ ತಿರುಗುವುದಿಲ್ಲ. ನಮ್ಮಲ್ಲಿ ಮೊದಲು +5, ಮಗುಚಿದಾಗ +3 ಬಂತು. ವ್ಯತ್ಯಾಸದ ಅರ್ಧ 1 ಗಾಸ್, ಅದು ಶಾಫ್ಟ್‌ದು. ಮೊತ್ತದ ಅರ್ಧ 4, ಅದು ಮೀಟರ್‌ದು. ಆದರೆ ಬಲವಾದ ಮ್ಯಾಗ್ನೆಟ್‌ಗೆ ಅಂಟಿಸಿ ಹೀಗೆ ಮಾಡಬೇಡಿ. ಮಗುಚಿದಾಗ ಎಲಿಮೆಂಟ್ ಇರುವ ದೂರವೇ ಬದಲಾಗಿ ಲೆಕ್ಕ ಕೆಡುತ್ತದೆ.

ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಇತ್ತಲ್ವಾ ಅನ್ನಬಹುದು. ಇತ್ತು, 1000 ಗಾಸ್‌ನಲ್ಲಿ ಪರೀಕ್ಷಿಸಿದ್ದು. ಅಲ್ಲಿ 4 ಗಾಸ್ ಅಂದರೆ ಬರೀ 0.4 ಪರ್ಸೆಂಟ್, ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಕೆಲಸ 3 ಗಾಸ್‌ನಲ್ಲಿದ್ದರೆ ಆ ಮಟ್ಟದ ರೀಡಿಂಗನ್ನೇ ಕೇಳಿ. ಕರೆಂಟ್ ಮತ್ತು ಅಳೆಯುವ ತುದಿಗಳನ್ನು ಒಳಗೇ ಅದಲುಬದಲು ಮಾಡಿ ಆಫ್‌ಸೆಟ್ ಕಳೆಯುವ ಸರ್ಕ್ಯೂಟ್ ಇದೆಯಾ ಅಂತಲೂ ಕೇಳಿ. ಮೀಟರನ್ನು ಅರ್ಧ ಗಂಟೆ ಆನ್ ಇಟ್ಟು, ಬಿಸಿಯಾದ ಮೇಲೆ ಮಗುಚಿ ನೋಡಿ, ಆಮೇಲೆ ದುಡ್ಡು ಕೊಡಿ.