ಮಿಲಾ ಅಂದ್ರೆ ಯಾವ ಮಿಲಾ? ಡಬ್ ಆದ ಹೆಸರು ಹಿಡಿದು ಮೂಲ ಕಾರ್ಟೂನ್ ಹುಡುಕುವ ದಾರಿಗಳ ಹೋಲಿಕೆ

ಚಿಕ್ಕಂದಿನಲ್ಲಿ ನೋಡಿದ ಕಾರ್ಟೂನ್ ಹುಡುಕಬೇಕು, ಆದರೆ ನೆನಪಿರುವುದು ಡಬ್ ಆದ ಹೆಸರು ಮಾತ್ರ. ಇಂಥ ಹೊತ್ತಿನಲ್ಲಿ ನಾನು ಮೊದಲು ತೆರೆಯುವುದು ವಿಕಿಪೀಡಿಯ, ಅದರಲ್ಲೂ ಡಬ್ ಯಾವ ಭಾಷೆಯದೋ ಆ ಭಾಷೆಯ ವಿಕಿಪೀಡಿಯ. ಸರ್ಚ್ ಎಂಜಿನ್, ಸಿನಿಮಾ ಮತ್ತು ಟಿವಿ ಸರಣಿಗಳ ಮಾಹಿತಿ ಕೊಡುವ ಐಎಂಡಿಬಿ ತಾಣ, ಜನರನ್ನು ಕೇಳುವುದು, ಹಾಡು ಗುನುಗಿ ಹುಡುಕುವುದು, ಇವನ್ನೆಲ್ಲ ಮಾಡಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಇದು ಶುರುವಾದದ್ದು ಒಂದು ಡಿವಿಡಿ ಪೆಟ್ಟಿಗೆಯಿಂದ. ಜೊತೆಗೆ ಕೆಲಸ ಮಾಡುವ ಗೆಳತಿಯೊಬ್ಬಳು ಜರ್ಮನ್ ಡಬ್ಬಿಂಗ್‌ನಲ್ಲಿ ಒಂದು ವಾಲಿಬಾಲ್ ಕಾರ್ಟೂನ್ ನೋಡುತ್ತಾ ಬೆಳೆದವಳು. ನಾಯಕಿಯ ಹೆಸರು ಮಿಲಾ ಎಂದು ಅವಳಿಗೆ ಚೆನ್ನಾಗಿ ನೆನಪಿದೆ. 'ಮಿಲಾ, ವಾಲಿಬಾಲ್, ಪೂರ್ತಿ ಸರಣಿ' ಎಂದು ಮಾರಾಟಕ್ಕಿದ್ದ ಪೆಟ್ಟಿಗೆಯನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡಳು. ತೆರೆದು ಹಾಕಿದರೆ ಹುಡುಗಿ ಬೇರೆ, ಕಥೆ ಬೇರೆ, ಚಿತ್ರ ಬಿಡಿಸಿದ ರೀತಿಯೇ ಬೇರೆ. ಮಾರಿದವರು ಸುಳ್ಳು ಹೇಳಿರಲಿಲ್ಲ. ಅದರ ನಾಯಕಿಯೂ ಮಿಲಾನೇ, ಅವಳೂ ವಾಲಿಬಾಲ್ ಆಡುವವಳೇ. ಸರಿಯಾದದ್ದನ್ನು ಹುಡುಕಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ನಡೆದದ್ದು ಇಷ್ಟು. ಜಪಾನಿನಲ್ಲಿ 1969ರಿಂದ 1971ರವರೆಗೆ 'ಅಟ್ಯಾಕ್ ನಂ. 1' ಎಂಬ ವಾಲಿಬಾಲ್ ಸರಣಿ ಬಂತು. 104 ಕಂತುಗಳು. ಚಿಕಾಕೊ ಉರಾನೊ ಅವರ ಮಂಗಾ, ಅಂದರೆ ಜಪಾನಿ ಕಾಮಿಕ್ಸ್, ಅದಕ್ಕೆ ಮೂಲ. ನಾಯಕಿ ಕೊಝುಯೆ ಆಯುಹಾರಾ. ಇದಕ್ಕೆ ಯಾವ ಸಂಬಂಧವೂ ಇಲ್ಲದ ಇನ್ನೊಂದು ಸರಣಿ, 'ಅಟ್ಯಾಕರ್ ಯೂ!', 1984ರಲ್ಲಿ ಶುರುವಾಯಿತು. 58 ಕಂತುಗಳು. ತಯಾರಿಸಿದ ಸಂಸ್ಥೆ ಬೇರೆ, ನಾಯಕಿ ಯೂ ಹಝುಕಿ.

ಜರ್ಮನ್ನರು ಮೊದಲನೆಯದಕ್ಕೆ 'ಮಿಲಾ ಸೂಪರ್‌ಸ್ಟಾರ್' ಎಂದು ಹೆಸರಿಟ್ಟರು. ಕೊಝುಯೆ ಅಲ್ಲಿ ಮಿಲಾ ಆದಳು. ಇಟಲಿಯವರು ಅದೇ ಕೊಝುಯೆಯನ್ನು ಮಿಮಿ ಎಂದು ಕರೆದರು, ಮಿಲಾ ಎಂಬ ಹೆಸರನ್ನು ಎರಡನೆಯ ಸರಣಿಯ ಯೂಗೆ ಕೊಟ್ಟರು. ಅಲ್ಲಿ ಆ ಸರಣಿಯ ಹೆಸರು 'ಮಿಲಾ ಎ ಶಿರೊ', ಶಿರೊ ಅಂದರೆ ಅದರಲ್ಲಿ ಬರುವ ಹುಡುಗ. ಅಷ್ಟಕ್ಕೇ ಬಿಡಲಿಲ್ಲ. ಇಟಾಲಿಯನ್ ಡಬ್ಬಿಂಗ್‌ನಲ್ಲಿ ಮಿಲಾಳನ್ನು ಮಿಮಿಗೆ ಸೋದರಸಂಬಂಧಿ ಮಾಡಿಬಿಟ್ಟರು! ಮೂಲದಲ್ಲಿ ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಇಬ್ಬರು ಹುಡುಗಿಯರು ಇಟಲಿಯ ಮಕ್ಕಳ ಪಾಲಿಗೆ ನೆಂಟರು. ಹಾಗಾಗಿ ಇಟಲಿಯಲ್ಲಿ ಬೆಳೆದವರು 'ಇದು ಆ ಮಿಮಿ ಕಥೆಯ ಮುಂದಿನ ಭಾಗ ಅಲ್ವಾ?' ಎಂದು ಕೇಳಿದರೆ ಅವರ ನೆನಪಿನಲ್ಲಿ ತಪ್ಪೇನಿಲ್ಲ. ಅವರು ಕೇಳಿಸಿಕೊಂಡ ಮಾತೇ ಅದು.

ಎರಡನೆಯ ಸರಣಿ ಫ್ರಾನ್ಸಿನಲ್ಲಿ 'ಜಾನ್ ಎ ಸೆರ್ಜ್' ಆಯಿತು. ಸ್ಪೇನಿನಲ್ಲಿ ಅದೇ ಜೋಡಿ ಹುವಾನಾ ಮತ್ತು ಸೆರ್ಹಿಯೊ. ಸ್ಪ್ಯಾನಿಶ್ ಹೆಸರುಗಳು ಫ್ರೆಂಚ್ ಹೆಸರುಗಳ ಮೇಲೆಯೇ ನಿಂತಿವೆ, ಜಪಾನಿ ಹೆಸರಿನ ಗುರುತೂ ಅವುಗಳಲ್ಲಿಲ್ಲ.

ಈಗ ದಾರಿಗಳ ವಿಷಯ.

ಸರ್ಚ್ ಎಂಜಿನ್‌ನಲ್ಲಿ ನೇರವಾಗಿ ಹೆಸರು ಹಾಕುವುದು ಎಲ್ಲಕ್ಕಿಂತ ಬೇಗ ಆಗುವ ಕೆಲಸ. ಗೆಳತಿ ಮಾಡಿದ್ದೂ ಅದನ್ನೇ. ತೊಂದರೆ ಏನೆಂದರೆ, ಹೆಸರು ಮತ್ತು ಆಟ ಎರಡೂ ಹೊಂದುವ ಪುಟ ಸಿಕ್ಕರೆ ಅದು ತೋರಿಸಿಬಿಡುತ್ತದೆ. ನೀವು ನೋಡಿದ ಡಬ್ ಯಾವ ಭಾಷೆಯದು ಎಂದು ಅದಕ್ಕೆ ಗೊತ್ತಿಲ್ಲ. ಆ ಭಾಷೆಯ ಒಂದು ಪದ ಸೇರಿಸಿದರೆ ಫಲಿತಾಂಶ ತುಂಬ ಬದಲಾಗುತ್ತದೆ. "Mila Volleyball Zeichentrick" ಎಂದು ಹಾಕಿದರೆ ಜರ್ಮನ್ ಪುಟಗಳು ಮೇಲೆ ಬರುತ್ತವೆ, "Mila pallavolo cartone animato" ಎಂದರೆ ಇಟಾಲಿಯನ್ ಪುಟಗಳು. ಕಾರ್ಟೂನ್ ಅನ್ನುವುದಕ್ಕೆ ಆ ಭಾಷೆಯವರು ಏನನ್ನುತ್ತಾರೆ ಎಂದು ಗೊತ್ತಿದ್ದರೆ ಸಾಕು. ಆದರೂ ಅಲ್ಲಿ ಸಿಗುವುದು ಡಬ್ ಆದ ಹೆಸರೇ. ಅದು ಯಾವ ಮೂಲದ ಡಬ್ ಎಂದು ನೀವೇ ಪತ್ತೆ ಮಾಡಬೇಕು.

ಐಎಂಡಿಬಿಯಲ್ಲಿ ಪ್ರತಿ ಸರಣಿಗೂ "Also known as" ಎಂಬ ಪಟ್ಟಿ ಇರುತ್ತದೆ. ಯಾವ ದೇಶದಲ್ಲಿ ಯಾವ ಹೆಸರು ಎಂದು ಸಾಲಾಗಿ ಕೊಡುತ್ತಾರೆ. ಶೀರ್ಷಿಕೆ ನೆನಪಿದ್ದವರಿಗೆ ಇದು ಒಳ್ಳೆಯದು. ಪಾತ್ರದ ಹೆಸರು ಮಾತ್ರ ನೆನಪಿದ್ದರೆ ಅಷ್ಟು ಉಪಯೋಗವಿಲ್ಲ, ಏಕೆಂದರೆ ಆ ಪಟ್ಟಿ ಶೀರ್ಷಿಕೆಗಳದ್ದು. ನನ್ನ ಅನುಭವದಲ್ಲಿ ಜನರಿಗೆ ಸರಣಿಯ ಹೆಸರಿಗಿಂತ ಪಾತ್ರದ ಹೆಸರೇ ಜಾಸ್ತಿ ನೆನಪಿರುತ್ತದೆ.

ಹಾಡು ಗುನುಗಿ ಹುಡುಕುವುದು: ಡಬ್ಬಿಂಗ್ ಜೊತೆಗೆ ಶೀರ್ಷಿಕೆ ಗೀತೆಯನ್ನೂ ಎಷ್ಟೋ ಕಡೆ ಹೊಸದಾಗಿ ಮಾಡಿರುತ್ತಾರೆ, ಹಾಗಾಗಿ ಸಿಕ್ಕರೆ ಡಬ್ ಸಿಗುತ್ತದೆ, ಮೂಲ ಸಿಗುವುದಿಲ್ಲ.

ಜನರನ್ನು ಕೇಳುವುದರ ಬಗ್ಗೆ ಸ್ವಲ್ಪ ಹೇಳಬೇಕು. ಹೆಸರೇ ನೆನಪಿಲ್ಲ, ಒಂದು ದೃಶ್ಯ ಮಾತ್ರ ನೆನಪಿದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹೆಸರಿನ ವಿಷಯಕ್ಕೆ ಬಂದರೆ ಮಾತ್ರ ಜಗಳ ಶುರು. 'ಕ್ಯಾಪ್ಟನ್ ತ್ಸುಬಾಸಾ' ಎಂಬ ಫುಟ್‌ಬಾಲ್ ಸರಣಿಯನ್ನೇ ನೋಡಿ. ಇಟಲಿಯಲ್ಲಿ ಗೋಲ್‌ಕೀಪರ್ ವಾಕಾಬಾಯಾಶಿಯ ಹೆಸರು ಬೆಂಜಿ ಪ್ರೈಸ್, ತ್ಸುಬಾಸಾನ ಜೊತೆಗಾರ ಮಿಸಾಕಿಯ ಹೆಸರು ಟಾಮ್ ಬೆಕರ್. ಫ್ರಾನ್ಸಿನಲ್ಲಿ ಗೋಲ್‌ಕೀಪರ್ ಟಾಮಸ್ ಪ್ರೈಸ್, ಜೊತೆಗಾರ ಬೆನ್ ಬೆಕರ್. ಬೆನ್ ಮತ್ತು ಟಾಮ್ ಅದಲು ಬದಲಾಗಿದ್ದಾರೆ! ಫ್ರೆಂಚ್ ಡಬ್ ನೋಡಿದವರೊಬ್ಬರು 'ಟಾಮ್ ಗೋಲು ತಡೆಯುತ್ತಿದ್ದ' ಎನ್ನುತ್ತಾರೆ, ಇಟಾಲಿಯನ್ ಡಬ್ ನೋಡಿದವರು 'ಇಲ್ಲ ಮಾರಾಯ್ರೆ, ಟಾಮ್ ಪಾಸ್ ಕೊಡುತ್ತಿದ್ದ' ಎನ್ನುತ್ತಾರೆ. ಇಬ್ಬರದೂ ಸರಿ. ಅರಬ್ಬಿಯಲ್ಲಿ ನೋಡಿದವರು ಬಂದರೆ ಅವರು ಕೇಳುವುದೇ 'ಕ್ಯಾಪ್ಟನ್ ಮಾಜಿದ್' ಎಲ್ಲಿ ಎಂದು. ಹಾಗಾಗಿ ಯಾರನ್ನಾದರೂ ಕೇಳುವಾಗ ನೀವು ಯಾವ ಭಾಷೆಯಲ್ಲಿ ನೋಡಿದ್ದು ಎಂದು ಮೊದಲ ಸಾಲಿನಲ್ಲೇ ಹೇಳಿಬಿಡಿ. ಉತ್ತರ ಕೊಡುವವರನ್ನೂ ಅದನ್ನೇ ಕೇಳಿ.

ಇನ್ನು ನನಗೆ ಇಷ್ಟವಾದ ದಾರಿ. ಗೆಳತಿ ನೋಡಿದ್ದು ಜರ್ಮನ್‌ನಲ್ಲಿ, ಹಾಗಾಗಿ ಜರ್ಮನ್ ವಿಕಿಪೀಡಿಯ ತೆರೆದು "Mila Superstar" ಎಂದು ಹಾಕಿದೆ. ಡಬ್ ಆದ ಹೆಸರು ಹಾಕಿದರೂ ಮೂಲದ ಲೇಖನಕ್ಕೆ ಹೋಗುವುದು ಇಲ್ಲಿಯ ಅನುಕೂಲ. ಮೊದಲ ಸಾಲಿನಲ್ಲೇ ಜಪಾನಿ ಲಿಪಿಯ ಹೆಸರು ಇತ್ತು: アタックNo.1. ಜರ್ಮನ್ ಓದಲು ಬರದಿದ್ದರೂ ಪರವಾಗಿಲ್ಲ, ಕಣ್ಣು ಆ ಲಿಪಿಯನ್ನು ಹಿಡಿದರೆ ಸಾಕು. ಅಲ್ಲಿಂದ ಭಾಷೆಗಳ ಪಟ್ಟಿ ತೆರೆದು ಇಂಗ್ಲಿಷ್‌ಗೆ ಹೋದರೆ ಅದೇ ಸರಣಿ, ಓದಲು ಬರುವ ಭಾಷೆಯಲ್ಲಿ. ಇಟಾಲಿಯನ್‌ಗೆ ಹೋದರೆ ಅಲ್ಲಿ ಮಿಲಾ ಇಲ್ಲ, ಮಿಮಿ ಇದ್ದಾಳೆ. ಪೆಟ್ಟಿಗೆಯಲ್ಲಿ ಬಂದದ್ದು ಬೇರೆ ಸರಣಿ ಎಂದು ಗೊತ್ತಾದದ್ದು ಇಲ್ಲಿಯೇ.

ಈ ಹುಡುಕಾಟದಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಡಬ್ಬಿಂಗ್‌ನವರು ಹುಡುಗಿಯ ಹೆಸರನ್ನು ಬದಲಿಸಿದ್ದಾರೆ, ಮನೆತನದ ಹೆಸರನ್ನು ಮುಟ್ಟಿಲ್ಲ. ಜರ್ಮನ್ ಮಿಲಾ ಆಯುಹಾರಾ, ಇಟಾಲಿಯನ್ ಮಿಮಿ ಆಯುಹಾರಾ. ಇಟಾಲಿಯನ್ ಮಿಲಾ ಮಾತ್ರ ಹಝುಕಿ, ಫ್ರೆಂಚ್ ಜಾನ್ ಕೂಡ ಹಝುಕಿ. ಆಯುಹಾರಾ ಅಂದರೆ ಮೊದಲ ಸರಣಿ, ಹಝುಕಿ ಅಂದರೆ ಎರಡನೆಯದು, ಅಷ್ಟೇ. ಇದು ಎಲ್ಲ ಕಡೆ ನಡೆಯುವುದಿಲ್ಲ. ತ್ಸುಬಾಸಾನ ಮನೆತನದ ಹೆಸರು ಓಝೊರಾ, ಅದು ಇಟಲಿಯಲ್ಲಿ ಹಟನ್, ಫ್ರಾನ್ಸಿನಲ್ಲಿ ಆಟನ್, ಲ್ಯಾಟಿನ್ ಅಮೆರಿಕದಲ್ಲಿ ಆಟಮ್. ಅಂಥ ಕಡೆ ಪಾತ್ರದ ಹೆಸರನ್ನು ನಂಬಬೇಡಿ, ಜಪಾನಿ ಲಿಪಿಯ ಶೀರ್ಷಿಕೆಯನ್ನೇ ಹಿಡಿಯಿರಿ. ಯಾವ ದೇಶದಲ್ಲಿ ಏನೇ ಹೆಸರಿಟ್ಟರೂ ಅದು ಬದಲಾಗುವುದಿಲ್ಲ. ಕಾಪಿ ಮಾಡಿ ಸರ್ಚ್‌ಗೆ ಹಾಕಿದರೆ ಹೆಸರಿನ ಗೊಂದಲದ ಪುಟಗಳು ಬಹುಮಟ್ಟಿಗೆ ಬಿಟ್ಟುಹೋಗುತ್ತವೆ.

ಈ ದಾರಿಯಲ್ಲೂ ಒಂದು ಕಿರಿಕಿರಿ ಇದೆ. ಒಂದು ವಿಷಯಕ್ಕೆ ಒಂದು ಭಾಷೆಯಲ್ಲಿ ಒಂದೇ ಲೇಖನ ಜೋಡಿಸಲು ಸಾಧ್ಯ. ಒಂದು ಭಾಷೆಯವರು ಮಂಗಾಗೆ ಒಂದು, ಟಿವಿ ಸರಣಿಗೆ ಒಂದು ಎಂದು ಎರಡು ಲೇಖನ ಬರೆದಿದ್ದು, ಇನ್ನೊಂದು ಭಾಷೆಯವರು ಎರಡನ್ನೂ ಒಂದರಲ್ಲೇ ಸೇರಿಸಿದ್ದರೆ, ಕೊಂಡಿ ಒಂದಕ್ಕೆ ಮಾತ್ರ ಇರುತ್ತದೆ. ಟಿವಿ ಸರಣಿಯ ಪುಟದಲ್ಲಿ ನೀವು ಹುಡುಕುವ ಭಾಷೆ ಕಾಣದಿದ್ದರೆ ಅಲ್ಲೇ ನಿಲ್ಲಬೇಡಿ, ಮಂಗಾದ ಪುಟಕ್ಕೆ ಹೋಗಿ ಅಲ್ಲಿ ನೋಡಿ. ಹೊಸದಾಗಿ ಮಾಡಿದ ಸರಣಿಗಳಿಗೂ ಇದೇ ಪಾಡು. 'ಕ್ಯಾಪ್ಟನ್ ತ್ಸುಬಾಸಾ' 1983ರಲ್ಲಿ ಬಂತು, 2018ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಬಂತು. ಕೊಂಡಿ ಯಾವುದಕ್ಕೆ ಕರೆದೊಯ್ದಿದೆ ಎಂದು ವರ್ಷ ನೋಡಿಯೇ ತಿಳಿಯಬೇಕು.

ನನಗೆ ಇದು ಒಗ್ಗುವುದಕ್ಕೆ ಕಾರಣ ನನ್ನ ಅಭ್ಯಾಸಗಳೂ ಹೌದು. ಹುಡುಕುವುದೆಲ್ಲ ಮೊಬೈಲ್‌ನಲ್ಲಿ, ಯಾರ ಉತ್ತರಕ್ಕೂ ದಿನಗಟ್ಟಲೆ ಕಾಯುವ ತಾಳ್ಮೆ ಇಲ್ಲ, ಹುಡುಕುವುದಕ್ಕೆ ದುಡ್ಡು ಖರ್ಚು ಮಾಡುವ ಮನಸ್ಸೂ ಇಲ್ಲ. ಡಬ್ ಯಾವ ಭಾಷೆಯದು ಎಂದೇ ಗೊತ್ತಿಲ್ಲದವರಿಗೆ ನನ್ನ ದಾರಿ ಕೆಲಸಕ್ಕೆ ಬರುವುದಿಲ್ಲ. ಅವರು ಹಾಡು ಗುನುಗುವುದರಿಂದಲೇ ಶುರು ಮಾಡಲಿ, ಹಾಡಿನ ಭಾಷೆ ತಿಳಿದರೆ ಉಳಿದದ್ದು ಇಲ್ಲಿಗೇ ಬರುತ್ತದೆ. ಯಾರೂ ಲೇಖನ ಬರೆದಿರದ ಸಣ್ಣ ಸರಣಿಗಳಿಗೆ ನಾನೂ ಐಎಂಡಿಬಿಗೇ ಹೋಗುತ್ತೇನೆ.

ಗೆಳತಿ ಪೆಟ್ಟಿಗೆಯನ್ನು ವಾಪಸ್ ಕಳಿಸಿ ಇನ್ನೊಂದು ತರಿಸಿಕೊಂಡಳು. ಈ ಸಲ ದುಡ್ಡು ಕೊಡುವ ಮೊದಲು ಹಿಂಬದಿಯ ಫೋಟೊ ಕೇಳಿ ತರಿಸಿಕೊಂಡೆವು. ಕಂತುಗಳ ಸಂಖ್ಯೆ 104 ಇತ್ತು, ಆಡಿಯೋ ಭಾಷೆ ಎಂದಿರುವಲ್ಲಿ Deutsch ಎಂದಿತ್ತು. 58 ಎಂದಿದ್ದರೆ ಬೇಡ ಎನ್ನುತ್ತಿದ್ದೆವು, ಮುಖಪುಟದಲ್ಲಿ ಮಿಲಾ ಎಂದು ಎಷ್ಟು ದೊಡ್ಡದಾಗಿ ಬರೆದಿದ್ದರೂ.